ಸುಂಟರಗಾಳಿ ಮತ್ತು ಸುಳಿಗಾಳಿ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯ ಹತ್ತಿರದ ಹಳ್ಳಿಯಲ್ಲಿ ನಮ್ಮ ಮನೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದ್ದೇನೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಒಂದು ಗಾಳಿಮಳೆ ಬಂದು ನಾಲ್ಕು ತೋಟ ಮಲಗಿತೆಂದರೆ ಸಾಕು, ನನಗೆ ಫೋನು ಬರತೊಡಗುತ್ತದೆ. ವಿದ್ಯಾರ್ಥಿಗಳು, ತೋಟದವರು, ಕಾರವಾರದ ಕಡೆಯ ನೆಂಟರು ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಹಾಗಾಗಿ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಸುಂಟರಗಾಳಿ, ಸುಳಿಗಾಳಿ, ಟಾರ್ನೆಡೋ ಎಲ್ಲಾ ಒಂದೇ ಅಲ್ವಾ ಸರ್?

ಮಾತಿನಲ್ಲಿ ಒಂದೇ ಆಗಿಬಿಟ್ಟಿದೆ. ಬಿಸಿಲಲ್ಲಿ ಗದ್ದೆಯ ಧೂಳು ಸುತ್ತಿ ಎದ್ದರೂ ಸುಂಟರಗಾಳಿ, ಅಮೆರಿಕದಲ್ಲಿ ಊರಿಗೆ ಊರೇ ಕಿತ್ತುಹೋದರೂ ಸುಂಟರಗಾಳಿ, ಜೋರು ಗಾಳಿಗೆ ಶಾಲೆಯ ಹೆಂಚು ಹಾರಿದರೂ ಪತ್ರಿಕೆಯಲ್ಲಿ ಸುಂಟರಗಾಳಿ. ಹುಟ್ಟುವ ಜಾಗ ನೋಡಿದರೆ ಈ ಮೂರೂ ಬೇರೆ ಬೇರೆ. ಇಲ್ಲಿ ಗೊಂದಲವಾಗದಿರಲೆಂದು ನಾನು ಎರಡು ಹೆಸರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಬಿಸಿಲಿಗೆ ನೆಲದಿಂದ ಏಳುವುದು ಸುಳಿಗಾಳಿ. ಇಂಗ್ಲಿಷಿನವರು ಡಸ್ಟ್ ಡೆವಿಲ್ ಎನ್ನುವುದು ಇದನ್ನೇ. ಗುಡುಗಿನ ಮೋಡದ ಬುಡಕ್ಕೆ ಅಂಟಿಕೊಂಡು ನೆಲ ಮುಟ್ಟುವುದು ಟಾರ್ನೆಡೋ.

ಎರಡನ್ನೂ ಬೇರ್ಪಡಿಸಲು ಮೊದಲು ತಲೆ ಎತ್ತಿ ನೋಡಬೇಕು. ಮೇಲೆ ನೀಲಿ ಆಕಾಶವಿದ್ದರೆ ಅದು ಟಾರ್ನೆಡೋ ಅಲ್ಲ. ದೊಡ್ಡ ಮೋಡವಿಲ್ಲದೆ ಟಾರ್ನೆಡೋ ಇಲ್ಲ. ಸುಳಿಗಾಳಿಗೆ ಮೋಡವೇ ಬೇಡ; ಮೋಡ ಬಂದು ಬಿಸಿಲು ಮರೆಯಾದರೆ ಅದು ಏಳುವುದೇ ನಿಂತುಹೋಗುತ್ತದೆ.

ಗದ್ದೆಯಲ್ಲಿ ಮಧ್ಯಾಹ್ನ ಏಳುವ ಸುಳಿಗಾಳಿ ಹುಟ್ಟುವುದು ಹೇಗೆ?

ಒಂದನ್ನು ನಾನು ಬಹಳ ಹತ್ತಿರದಿಂದ ನೋಡಿದ್ದೇನೆ. ಬನವಾಸಿ ಕಡೆ ಹೋಗಿದ್ದೆ. ಮಾರ್ಚ್ ತಿಂಗಳು, ಹೊತ್ತು ಮಧ್ಯಾಹ್ನ ಒಂದು ಗಂಟೆ ಇರಬಹುದು. ಭತ್ತ ಕೊಯ್ದು ಒಣಗಿದ ಗದ್ದೆಯಲ್ಲಿ ಕೂಳೆ ಬಿಟ್ಟರೆ ಬೇರೇನಿರಲಿಲ್ಲ. ಅಂಚಿನ ಮಾವಿನ ಮರದ ಕೆಳಗೆ ಬಿದ್ದಿದ್ದ ದರಕು ಮೊದಲು ಅಲ್ಲೇ ಒಂದು ಸುತ್ತು ಹಾಕಿತು. ಆಮೇಲೆ ಕೆಂಪು ಧೂಳು ಸೇರಿಕೊಂಡಿತು. ನೋಡನೋಡುತ್ತಿದ್ದಂತೆ ತೆಂಗಿನ ಮರಕ್ಕಿಂತ ಎತ್ತರದ ಕಂಬವಾಗಿ ಗದ್ದೆಯುದ್ದಕ್ಕೂ ನಡೆದು ಹೋಯಿತು. ಗೊಬ್ಬರದ ಖಾಲಿ ಚೀಲವೊಂದು ಅದರೊಳಗೆ ಸುತ್ತುತ್ತಾ ಮೇಲೇರುತ್ತಿತ್ತು. ಬುಡದ ಅಗಲ ನಾಲ್ಕೈದು ಮೀಟರ್ ಇದ್ದೀತು. ಮುಂದಿನ ಗದ್ದೆಯಲ್ಲಿ ತರಕಾರಿ ಬೆಳೆಗೆ ನೀರು ಬಿಟ್ಟಿದ್ದರು. ಆ ಹಸಿ ನೆಲದ ಮೇಲೆ ಕಾಲಿಡುತ್ತಿದ್ದಂತೆ ಕಂಬ ಕುಸಿದುಹೋಯಿತು. ಚೀಲ ಮಾತ್ರ ಮೇಲಿಂದ ನಿಧಾನವಾಗಿ ಇಳಿದು ಬಂತು. ಹುಟ್ಟಿನಿಂದ ಸಾವಿನವರೆಗೆ ಎರಡು ನಿಮಿಷವೂ ಆಗಿರಲಿಲ್ಲ.

ಆ ಹಸಿ ಗದ್ದೆಯಲ್ಲೇ ಉತ್ತರ ಇದೆ. ಸುಳಿಗಾಳಿಯ ಒಲೆ ಇರುವುದು ನೆಲದಲ್ಲಿ. ಮಾರ್ಚ್–ಏಪ್ರಿಲ್ ಬಿಸಿಲಿಗೆ ಬರಿಗಾಲಿಡಲಾಗದಷ್ಟು ಕಾದ ಒಣ ಮಣ್ಣು ತನ್ನ ಮೈಗೆ ತಾಗಿದ ಗಾಳಿಯನ್ನು ಕಾಯಿಸುತ್ತದೆ. ಆಳೆತ್ತರದಲ್ಲಿ ಗಾಳಿ ಅದಕ್ಕಿಂತ ಎಷ್ಟೋ ತಂಪು. ಬಿಸಿಗಾಳಿ ಹಗುರ, ತಣ್ಣನೆಯದು ಭಾರ. ಭಾರದ್ದು ಮೇಲೆ, ಹಗುರದ್ದು ಕೆಳಗೆ ಎಂಬ ಸ್ಥಿತಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎಲ್ಲೋ ಒಂದು ಕಡೆ ಬಿಸಿಗಾಳಿ ಉಕ್ಕಿ ಏಳುತ್ತದೆ, ತೆರವಾದ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತದೆ. ನುಗ್ಗುವ ಗಾಳಿಯಲ್ಲಿ ಚೂರುಪಾರು ತಿರುವು ಇದ್ದೇ ಇರುತ್ತದೆ: ಒಂದು ಮರದ ಬದಿಯಿಂದ, ಗದ್ದೆಯ ಹಾಳಿಯಿಂದ, ಅಕ್ಕಪಕ್ಕ ಏಳುವ ಇನ್ನೊಂದು ಬಿಸಿಗಾಳಿಯಿಂದ ಬಂದದ್ದು. ನಡುವಿಗೆ ಸೇರುತ್ತಾ ಬಂದಂತೆ ಆ ಸಣ್ಣ ತಿರುವೇ ಜೋರಾಗುತ್ತದೆ. ಅಷ್ಟೇ ಅದರ ಕಥೆ.

ಹೀಗಾಗಿ ಇದರ ಶಕ್ತಿಗೂ ಮಿತಿ ಇದೆ. ಕೆಲವು ಮೀಟರ್ ಅಗಲ, ಕೆಲವು ನಿಮಿಷ ಆಯಸ್ಸು. ಹೆಚ್ಚಿನವುಗಳ ಗಾಳಿ ಗಂಟೆಗೆ 30–40 ಕಿಲೋಮೀಟರ್ ಆಸುಪಾಸಿನದು, ತೀರ ದೊಡ್ಡವುಗಳಲ್ಲಿ ಮಾತ್ರ ಇದರ ಎರಡರಷ್ಟು. ಅಡಿಕೆ ಒಣಗಿಸಿದ ಅಂಗಳದಲ್ಲಿ ತಾಡಪಾಲು ಎತ್ತಿ ಬಿಸಾಡಬಹುದು, ಸಡಿಲ ತಗಡು ಹಾರಿಸಬಹುದು, ಕಣ್ಣಿಗೆ ಧೂಳು ತುಂಬಬಹುದು. ದೆವ್ವದ ಗಾಳಿ ಎಂದು ಹೆದರಿ ಮಕ್ಕಳನ್ನು ಒಳಗೆ ಕರೆಯುವ ಅಜ್ಜಿಯರನ್ನು ಕಂಡಿದ್ದೇನೆ. ಕಣ್ಣಿನ ದೃಷ್ಟಿಯಿಂದ ಅವರು ಮಾಡಿದ್ದು ಸರಿಯೇ.

ಸೂಪರ್‌ಸೆಲ್ ಅಂದರೆ ಏನು? ನಮ್ಮ ಗುಡುಗು ಮಳೆಯ ಮೋಡಕ್ಕೂ ಅದಕ್ಕೂ ಏನು ವ್ಯತ್ಯಾಸ?

ನಮ್ಮ ಭರಣಿ, ಕೃತ್ತಿಕೆ ಮಳೆಯನ್ನೇ ನೆನಪಿಸಿಕೊಳ್ಳಿ. ಮಧ್ಯಾಹ್ನ ಸೆಖೆ ಏರುತ್ತದೆ, ಮೂರು ಗಂಟೆಗೆ ಘಟ್ಟದ ಮೇಲೆ ಮೋಡ ಹೂಕೋಸಿನಂತೆ ಬೆಳೆಯುತ್ತದೆ, ನಾಲ್ಕಕ್ಕೆ ಗುಡುಗು, ಗಾಳಿ, ದಪ್ಪ ಹನಿ. ಐದೂವರೆಗೆ ಎಲ್ಲ ಮುಗಿದು ತೋಟದಿಂದ ಹಬೆ ಏಳುತ್ತಿರುತ್ತದೆ. ಈ ಮೋಡ ತನ್ನ ಕೊರಳನ್ನು ತಾನೇ ಹಿಸುಕಿಕೊಳ್ಳುತ್ತದೆ. ಬಿಸಿ ತೇವದ ಗಾಳಿ ಯಾವ ದಾರಿಯಲ್ಲಿ ಮೇಲೇರಿ ಮೋಡ ಕಟ್ಟಿತೋ ಅದೇ ದಾರಿಯಲ್ಲಿ ಮಳೆ ಕೆಳಗೆ ಬೀಳುತ್ತದೆ. ಮಳೆಯ ತಂಪು ಏರುಗಾಳಿಯನ್ನು ಆರಿಸಿಬಿಡುತ್ತದೆ. ಒಂದು ಮೋಡದ ಬಾಳು ಮುಕ್ಕಾಲು ಗಂಟೆಯಿಂದ ಒಂದು ಗಂಟೆ.

ಸೂಪರ್‌ಸೆಲ್‌ನಲ್ಲಿ ಹಾಗಾಗುವುದಿಲ್ಲ. ನೆಲದ ಹತ್ತಿರ ಗಾಳಿ ಒಂದು ದಿಕ್ಕಿಗೆ ಮೆಲ್ಲಗೆ, ಆರು ಕಿಲೋಮೀಟರ್ ಎತ್ತರದಲ್ಲಿ ಇನ್ನೊಂದು ದಿಕ್ಕಿಗೆ ಬಹಳ ಜೋರಾಗಿ ಬೀಸುತ್ತಿರುತ್ತದೆ. ಎರಡರ ನಡುವೆ ಸೆಕೆಂಡಿಗೆ ಸುಮಾರು 20 ಮೀಟರ್, ಅಂದರೆ ಗಂಟೆಗೆ 70 ಕಿಲೋಮೀಟರಿನಷ್ಟಾದರೂ ವ್ಯತ್ಯಾಸ ಇರಬೇಕು. ಮೇಲಿನ ಆ ಗಾಳಿ ಮಳೆಯನ್ನು ಏರುಗಾಳಿಯ ದಾರಿಯಿಂದ ಪಕ್ಕಕ್ಕೆ ಒಯ್ದು ಬೀಳಿಸುತ್ತದೆ. ಹೊಗೆ ಒಂದು ಕಡೆ, ಬೆಂಕಿ ಇನ್ನೊಂದು ಕಡೆ ಇರುವ ಒಳ್ಳೆಯ ಒಲೆಯಂತೆ ಮೋಡ ಗಂಟೆಗಟ್ಟಲೆ ಉರಿಯುತ್ತಲೇ ಇರುತ್ತದೆ. ಜೊತೆಗೆ ಆ ಏರುಗಾಳಿ ಇಡಿಯಾಗಿ ತಿರುಗುತ್ತಿರುತ್ತದೆ. ಎರಡರಿಂದ ಹತ್ತು ಕಿಲೋಮೀಟರ್ ಅಗಲದ ಆ ತಿರುಗುವ ಭಾಗಕ್ಕೆ ಮೆಸೊಸೈಕ್ಲೋನ್ ಎಂದು ಹೆಸರು. ತಿರುಗುವ ಏರುಗಾಳಿ ಇದ್ದರೆ ಸೂಪರ್‌ಸೆಲ್, ಇಲ್ಲದಿದ್ದರೆ ಎಷ್ಟೇ ದೊಡ್ಡದಿರಲಿ ಸಾಮಾನ್ಯ ಗುಡುಗಿನ ಮೋಡ. ಇಂಗ್ಲೆಂಡಿನ ವೋಕಿಂಗ್‌ಹ್ಯಾಮ್ ಎಂಬ ಊರಿನ ಮೇಲೆ 1959ರ ಜುಲೈನಲ್ಲಿ ಹಾದುಹೋದ ಆಲಿಕಲ್ಲಿನ ಬಿರುಗಾಳಿಯನ್ನು ರಾಡಾರ್‌ನಲ್ಲಿ ಕೂಲಂಕಷವಾಗಿ ನೋಡಿದ ಕೀತ್ ಬ್ರೌನಿಂಗ್ ಮುಂದೆ ಈ ಹೆಸರನ್ನು ಬಳಕೆಗೆ ತಂದರು.

ಮೋಡ ತಿರುಗಲು ಶುರುವಾಗುವುದಾದರೂ ಹೇಗೆ?

ದೀಪದ ಬತ್ತಿ ಹೊಸೆಯುವುದನ್ನು ನೋಡಿದ್ದರೆ ಅರ್ಧ ಗೊತ್ತಾದಂತೆ. ನಮ್ಮಜ್ಜಿ ಉದ್ದ ಬತ್ತಿಯನ್ನು ತೊಡೆಯ ಮೇಲಿಟ್ಟು ಹೊಸೆಯುತ್ತಿದ್ದರು. ತೊಡೆ ಅಲುಗುವುದಿಲ್ಲ, ಅಂಗೈ ಮುಂದಕ್ಕೆ ಸರಿಯುತ್ತದೆ, ನಡುವಿನ ಹತ್ತಿ ಉರುಳಿ ನೂಲಾಗುತ್ತದೆ. ಗಾಳಿಯಲ್ಲೂ ನಡೆಯುವುದು ಅದೇ. ನೆಲದ ಹತ್ತಿರ ನಿಧಾನ, ಮೇಲೆ ಜೋರು. ನಡುವಿನ ಗಾಳಿ ಬತ್ತಿಯಂತೆ ಉರುಳುತ್ತಿರುತ್ತದೆ. ಕಣ್ಣಿಗೆ ಕಾಣದ, ನೆಲಕ್ಕೆ ಸಮಾನಾಂತರವಾಗಿ ಮಲಗಿರುವ ತಿರುವು ಅದು.

ಈಗ ಆ ಬತ್ತಿಯ ನಡುವೆ ಬೆರಳು ತೂರಿಸಿ ಮೇಲಕ್ಕೆತ್ತಿ. ಕಮಾನಿನಂತೆ ಬಾಗಿ ಎರಡು ಕಾಲು ಕೆಳಗಿಳಿಯುತ್ತವೆ. ಮಲಗಿದ್ದ ತಿರುವು ಎರಡೂ ಕಾಲುಗಳಲ್ಲಿ ನಿಂತ ತಿರುವಾಗುತ್ತದೆ, ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಮೋಡದ ಏರುಗಾಳಿ ಮಾಡುವ ಕೆಲಸ ಆ ಬೆರಳಿನದು. ಎಷ್ಟೋ ಸಲ ಮೋಡವೇ ಎರಡಾಗಿ ಒಡೆದು ಒಂದೊಂದು ತಿರುವನ್ನು ಹಿಡಿದುಕೊಂಡು ಬೇರೆ ಬೇರೆ ದಾರಿ ಹಿಡಿಯುವುದೂ ಉಂಟು. ಅಮೆರಿಕದ ಬಯಲಿನಲ್ಲಿ ಗಾಳಿಯ ದಿಕ್ಕು ಎತ್ತರ ಹೋದಂತೆ ಬಲಕ್ಕೆ ತಿರುಗುತ್ತಾ ಹೋಗುವುದರಿಂದ, ಎರಡರಲ್ಲಿ ಗಡಿಯಾರದ ಮುಳ್ಳಿಗೆ ವಿರುದ್ಧ ಸುತ್ತುವ ಮೋಡಕ್ಕೇ ಬಲ ಸಿಗುತ್ತದೆ.

ಮೋಡವೇ ತಿರುಗಿದ ಮೇಲೆ ಟಾರ್ನೆಡೋ ಆಗಿಯೇ ಆಯಿತಲ್ಲ?

ಇಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ತಿರುಗುವ ಮೋಡಗಳಲ್ಲಿ ಟಾರ್ನೆಡೋ ಹುಟ್ಟಿಸುವುದು ಸುಮಾರು ಕಾಲು ಭಾಗ ಮಾತ್ರ. ಉಳಿದವು ಆಲಿಕಲ್ಲು ಸುರಿಸಿ, ಗಂಟೆಗಟ್ಟಲೆ ಭವ್ಯವಾಗಿ ತಿರುಗಿ, ನೆಲಕ್ಕೆ ಏನನ್ನೂ ಇಳಿಸದೆ ಹೋಗುತ್ತವೆ. ಕಾರಣ ಬತ್ತಿಯ ಉದಾಹರಣೆಯಲ್ಲೇ ಇದೆ. ಏರುಗಾಳಿ ಉರುಳುವ ಗಾಳಿಯನ್ನು ಎತ್ತಿ ನಿಲ್ಲಿಸುತ್ತದೆ ನಿಜ. ಆದರೆ ಆ ಗಾಳಿ ನೆಟ್ಟಗೆ ನಿಲ್ಲುವ ಹೊತ್ತಿಗೆ ಅದು ಆಗಲೇ ನೆಲ ಬಿಟ್ಟು ಮೇಲೇರಿ ಆಗಿರುತ್ತದೆ. ತಿರುವು ಒಂದೆರಡು ಕಿಲೋಮೀಟರ್ ಮೇಲೆ ಇದೆ, ನೆಲದಲ್ಲಿ ಇಲ್ಲ. ಮನೆ ಕೀಳಲು ಬೇಕಾಗಿರುವುದು ನೆಲದ ಮೇಲಿನ ತಿರುವು.

ನೆಲಕ್ಕೆ ತಿರುವು ತಂದುಕೊಡುವುದು ಇಳಿಗಾಳಿ. ಮಳೆ, ಆಲಿಕಲ್ಲು ಬೀಳುವ ಕಡೆ ಗಾಳಿ ತಣ್ಣಗಾಗಿ ಭಾರವಾಗಿ ಇಳಿಯುತ್ತದೆ. ಒಂದು ಬದಿ ತಣ್ಣನೆಯ ಭಾರದ ಗಾಳಿ, ಇನ್ನೊಂದು ಬದಿ ಬೆಚ್ಚನೆಯ ಹಗುರ ಗಾಳಿ. ಇವೆರಡೂ ತಾಗುವ ಅಂಚಿನಲ್ಲಿ ಒಂದು ಕಡೆ ಇಳಿದು ಇನ್ನೊಂದು ಕಡೆ ಏರುವುದರಿಂದ ಮತ್ತೊಂದು ಮಲಗಿದ ಸುರುಳಿ ಹುಟ್ಟುತ್ತದೆ. ಈ ಸುರುಳಿ ಇಳಿಗಾಳಿಯ ಜೊತೆಯಲ್ಲೇ ಕೆಳಗಿಳಿಯುತ್ತಾ ಓರೆಯಾಗುತ್ತದೆ. ಏರುತ್ತಾ ಓರೆಯಾಗುವುದಕ್ಕೂ ಇಳಿಯುತ್ತಾ ಓರೆಯಾಗುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿ ಎಲ್ಲವೂ. ಇಳಿಯುತ್ತಾ ಓರೆಯಾದ ಗಾಳಿ ನೆಲಕ್ಕೆ ಬಂದು ತಾಗುವಾಗ ಅದರಲ್ಲಿ ನಿಂತ ತಿರುವು ಸೇರಿಕೊಂಡಿರುತ್ತದೆ. ಮೋಡದ ಹಿಂಬದಿಯಿಂದ ಸುತ್ತಿ ಬರುವ ಈ ಇಳಿಗಾಳಿಯೇ ರಾಡಾರ್ ಚಿತ್ರದಲ್ಲಿ ಮಳೆಯನ್ನು ಕೊಕ್ಕೆಯಂತೆ ಬಗ್ಗಿಸಿ ತೋರಿಸುತ್ತದೆ. ಆ ಕೊಕ್ಕೆಯನ್ನು ಮೊದಲು ದಾಖಲಿಸಿದ್ದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, 1953ರ ಏಪ್ರಿಲ್ 9ರಂದು.

ಈಗ ನೆಲದಲ್ಲಿ ಅಗಲವಾದ, ನಿಧಾನವಾದ ತಿರುವಿದೆ. ಇದು ಮೆಸೊಸೈಕ್ಲೋನಿನ ಕೆಳಗೆ ಸರಿದು ಬರಬೇಕು. ಮೇಲೆ ಗಾಳಿ ತಿರುಗುತ್ತಿರುವುದರಿಂದ ಅದರ ನಡುವಿನಲ್ಲಿ ಒತ್ತಡ ಕಡಿಮೆ. ಹಾಗಾಗಿ ಅದು ಕೆಳಗಿನ ಗಾಳಿಯನ್ನು ಬಲವಾಗಿ ಮೇಲಕ್ಕೆ ಸೆಳೆಯುತ್ತದೆ. ಸೆಳೆದಂತೆ ಕಂಬ ಉದ್ದವಾಗುತ್ತದೆ, ಉದ್ದವಾದಂತೆ ಸಣ್ಣಗಾಗುತ್ತದೆ, ಸಣ್ಣಗಾದಂತೆ ವೇಗ ಹೆಚ್ಚುತ್ತದೆ.

ಎಲ್ಲಿ ತಪ್ಪುತ್ತದೆ ಎಂದರೆ, ಸಾಮಾನ್ಯವಾಗಿ ಇಲ್ಲೇ. ಇಳಿಗಾಳಿ ಬೇಕು, ಆದರೆ ಅದು ವಿಪರೀತ ತಣ್ಣಗಿರಬಾರದು. ತೀರ ತಣ್ಣಗಿದ್ದರೆ ಅದು ಭಾರ. ಮೇಲಿನಿಂದ ಎಷ್ಟು ಸೆಳೆದರೂ ಏಳುವುದಿಲ್ಲ, ಹರಡಿಕೊಂಡು ಮುಂದೆ ಓಡಿ ಏರುಗಾಳಿಯ ಬುಡವನ್ನೇ ಕತ್ತರಿಸಿಬಿಡುತ್ತದೆ. ಮೋಡದ ಬುಡ ನೆಲಕ್ಕೆ ಹತ್ತಿರವಿದ್ದು ಕೆಳಗಿನ ಗಾಳಿ ತೇವವಾಗಿದ್ದರೆ ಬೀಳುವ ಮಳೆ ಹೆಚ್ಚು ಆವಿಯಾಗುವುದಿಲ್ಲ, ತಂಪು ಮಿತಿಯಲ್ಲಿರುತ್ತದೆ. ಟಾರ್ನೆಡೋಗೆ ಹದವಾದ ದಿನ ಅದು. ಮುನ್ಸೂಚನೆ ಕೊಡುವವರು ಮೋಡದ ಬುಡದ ಎತ್ತರವನ್ನೂ, ನೆಲದಿಂದ ಮೊದಲ ಒಂದು ಕಿಲೋಮೀಟರಿನಲ್ಲಿ ಗಾಳಿ ಹೇಗೆ ಬದಲಾಗುತ್ತದೆ ಎಂಬುದನ್ನೂ ಅಷ್ಟು ಜತನದಿಂದ ನೋಡುವುದು ಇದಕ್ಕೇ.

ಗಂಟೆಗೆ 200 ಕಿಲೋಮೀಟರ್ ದಾಟುವಷ್ಟು ವೇಗ ಎಲ್ಲಿಂದ ಬರುತ್ತದೆ?

ಯಕ್ಷಗಾನದಲ್ಲಿ ಗಿರಕಿ ಹೊಡೆಯುವ ವೇಷಧಾರಿಯನ್ನು ಗಮನಿಸಿ. ಕೈ ಚಾಚಿ ಸುತ್ತುವಾಗ ಒಂದು ವೇಗ, ಅದೇ ಸುತ್ತಿನಲ್ಲಿ ಕೈಯನ್ನು ಎದೆಗೆ ತಂದುಕೊಂಡರೆ ಇನ್ನೊಂದು ವೇಗ. ಹೊರಗಿನಿಂದ ಯಾರೂ ತಳ್ಳಲಿಲ್ಲ. ತಿರುಗುವ ವಸ್ತು ನಡುವಿಗೆ ಹತ್ತಿರವಾದಷ್ಟೂ ವೇಗ ಹೆಚ್ಚಾಗಲೇಬೇಕು.

ಲೆಕ್ಕ ಮಾಡಿ ನೋಡೋಣ. ನೆಲದ ಮೇಲೆ ನಡುವಿನಿಂದ 1000 ಮೀಟರ್ ದೂರದಲ್ಲಿ ಗಾಳಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಸುತ್ತುತ್ತಿದೆ ಎನ್ನಿ. ಕಾರವಾರದ ಕಡಲತೀರದ ಸಂಜೆಗಾಳಿಯಷ್ಟು, ಯಾರೂ ಗಮನಿಸದಷ್ಟು. ಆ ಗಾಳಿಯನ್ನು ನಡುವಿನಿಂದ 100 ಮೀಟರ್ ದೂರಕ್ಕೆ ಎಳೆದು ತಂದರೆ ದೂರ ಹತ್ತನೇ ಒಂದು ಪಾಲಾಯಿತು, ವೇಗ ಹತ್ತು ಪಟ್ಟಾಯಿತು. ಸೆಕೆಂಡಿಗೆ 50 ಮೀಟರ್ ಅಂದರೆ ಗಂಟೆಗೆ 180 ಕಿಲೋಮೀಟರ್. ನಿಜದಲ್ಲಿ ನೆಲದ ಉಜ್ಜುವಿಕೆಯಿಂದ ಒಂದಿಷ್ಟು ಸೋರಿಹೋಗುತ್ತದೆ, ಲೆಕ್ಕ ಇಷ್ಟು ಚೊಕ್ಕವಾಗಿ ಬರುವುದಿಲ್ಲ. ಆದರೂ ದಾರಿ ಇದೇ.

ಸುಳಿಗಾಳಿಗೂ ಇದೇ ನಿಯಮ. ಆದರೆ ಅಲ್ಲಿ ಎಳೆಯುವುದು ಕಾದ ಮಣ್ಣಿನ ಮೇಲಿನ ತೆಳು ಬಿಸಿಗಾಳಿ. ಇಲ್ಲಿ ಎಳೆಯುವುದು ಹದಿನೈದು ಕಿಲೋಮೀಟರ್ ಎತ್ತರದ ಮೋಡ. ಒತ್ತಡದ ಅಂಕಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಸುಳಿಗಾಳಿಯ ನಡುವಿನಲ್ಲಿ ಒತ್ತಡ ಇಳಿಯುವುದು ಹೆಚ್ಚಾಗಿ ಒಂದೆರಡು ಹೆಕ್ಟೊಪ್ಯಾಸ್ಕಲ್. ಅಮೆರಿಕದ ದಕ್ಷಿಣ ಡಕೋಟಾದ ಮ್ಯಾಂಚೆಸ್ಟರ್ ಎಂಬಲ್ಲಿ 2003ರ ಜೂನ್ 24ರಂದು ಟಿಮ್ ಸಮಾರಾಸ್ ಎಂಬ ಎಂಜಿನಿಯರ್ ಟಾರ್ನೆಡೋ ಬರುವ ದಾರಿಯಲ್ಲೇ ನೆಲಕ್ಕೆ ಇಟ್ಟು ಬಂದ ಉಪಕರಣದಲ್ಲಿ 100 ಹೆಕ್ಟೊಪ್ಯಾಸ್ಕಲ್ ಇಳಿತ ದಾಖಲಾಯಿತು. ಕಡಲತೀರದಿಂದ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಎತ್ತರದ ಗುಡ್ಡಕ್ಕೆ ಏರಿದರೆ ಆಗುವಷ್ಟು ಇಳಿತ, ನಿಂತಲ್ಲೇ, ಕಣ್ಣು ಮಿಟುಕಿಸಿ ಸುಧಾರಿಸಿಕೊಳ್ಳುವಷ್ಟರಲ್ಲಿ.

ಟಾರ್ನೆಡೋ ಮೋಡದಿಂದ ಸೊಂಡಿಲಿನಂತೆ ಕೆಳಗೆ ಇಳಿಯುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ. ಸರಿಯೇ?

ಕಣ್ಣಿಗೆ ಹಾಗೆ ಕಾಣುತ್ತದೆ. ನಾನೂ ಎಷ್ಟೋ ವರ್ಷ ಹಾಗೆಯೇ ಪಾಠ ಮಾಡಿದೆ, ಈಗ ತಿದ್ದಿಕೊಂಡಿದ್ದೇನೆ. ಆ ಸೊಂಡಿಲು ಬರೀ ಮೋಡ. ಒತ್ತಡ ಇಳಿದು ತಣ್ಣಗಾದಲ್ಲಿ ತೇವ ಹನಿಗಟ್ಟುತ್ತದೆ, ಅದು ಮೇಲಿನಿಂದ ಕೆಳಕ್ಕೆ ಬೆಳೆದಂತೆ ತೋರುತ್ತದೆ. ಗಾಳಿಯ ತಿರುವು ಅದಕ್ಕೆ ಮೊದಲೇ ನೆಲದಲ್ಲಿ ಇರಬಹುದು.

ಒಕ್ಲಹೋಮಾದ ಎಲ್ ರೆನೋ ಊರಿನ ಹತ್ತಿರ 2013ರ ಮೇ 31ರ ಸಂಜೆ ಎದ್ದ ಟಾರ್ನೆಡೋ ಇದಕ್ಕೆ ಒಳ್ಳೆಯ ಉದಾಹರಣೆ. ಆ ದಿನ ಕೆಳಗೆ ಮೆಕ್ಸಿಕೋ ಕೊಲ್ಲಿಯಿಂದ ಬಂದ ಸೆಖೆಯ ತೇವಗಾಳಿ, ಮೇಲೆ ಬಲವಾದ ಪಡುಗಾಳಿ, ಎರಡೂ ಭರ್ತಿಯಾಗಿದ್ದವು. ಸಂಜೆ ಆರು ಗಂಟೆ ದಾಟುತ್ತಿದ್ದಂತೆ ನೆಲ ಮುಟ್ಟಿದ ಸುಳಿ ನಲವತ್ತು ನಿಮಿಷ ಬಾಳಿತು. ಅದರ ಅಗಲ ಒಂದು ಹಂತದಲ್ಲಿ 4.2 ಕಿಲೋಮೀಟರ್ ಮುಟ್ಟಿತು; ಅಷ್ಟು ಅಗಲದ್ದು ಬೇರೊಂದು ದಾಖಲಾಗಿಲ್ಲ. ಲಾರಿಯ ಮೇಲೆ ಕೂರಿಸಿದ, ಕ್ಷಣಕ್ಷಣಕ್ಕೂ ಆಕಾಶ ಗುಡಿಸುವ ರಾಡಾರ್ ಅದನ್ನು ಹತ್ತಿರದಿಂದ ನೋಡುತ್ತಿತ್ತು. ಮುಂದೆ ಜಾನಾ ಹೌಸರ್ ಮತ್ತು ಜೊತೆಗಾರರು ಆ ದಾಖಲೆಯನ್ನು, ಅಲ್ಲಿದ್ದವರು ತೆಗೆದ ಫೋಟೋ, ವಿಡಿಯೋಗಳ ಜೊತೆ ನಿಮಿಷ ನಿಮಿಷ ಹೊಂದಿಸಿ ನೋಡಿದರು. ನೆಲದ ಬಳಿ ಸುಳಿ ಬಲಿತ ಮೇಲೆಯೇ ಮೇಲಿನ ಎತ್ತರಗಳಲ್ಲಿ ಅದು ಕಾಣಿಸಿಕೊಂಡಿತ್ತು. ಇಳಿಗಾಳಿ ನೆಲಕ್ಕೆ ತಿರುವು ತಂದುಕೊಡುತ್ತದೆ ಎಂದು ಮೇಲೆ ಬರೆದದ್ದಕ್ಕೆ ಇದು ಕೂಡಿ ಬರುತ್ತದೆ.

ಎಂಟು ಜನರ ಜೀವ ತೆಗೆದ ಟಾರ್ನೆಡೋ ಅದು. ಹತ್ತು ವರ್ಷ ಮೊದಲು ಮ್ಯಾಂಚೆಸ್ಟರಿನಲ್ಲಿ ಒತ್ತಡ ಅಳೆದಿದ್ದ ಟಿಮ್ ಸಮಾರಾಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಅಲ್ಲೇ ತೀರಿಕೊಂಡರು. ಸುಳಿ ಹಠಾತ್ತನೆ ದಿಕ್ಕು ಬದಲಿಸಿ, ವೇಗ ಹೆಚ್ಚಿಸಿಕೊಂಡು, ಹಿಗ್ಗಿತ್ತು. ಅಷ್ಟು ಬಲ್ಲವರಿಗೂ ತಪ್ಪಿಸಿಕೊಳ್ಳಲು ದಾರಿ ಸಿಗಲಿಲ್ಲ. ಈ ವಿಷಯ ಪಾಠ ಮಾಡುವಾಗ ನಾನು ಅವರನ್ನು ನೆನೆಯದೆ ಮುಂದೆ ಹೋಗುವುದಿಲ್ಲ.

ದೊಡ್ಡ ಸುಳಿಗಾಳಿ ಬೆಳೆದು ಟಾರ್ನೆಡೋ ಆಗಬಹುದೇ?

ಆಗುವುದಿಲ್ಲ. ಎಷ್ಟೇ ಎತ್ತರ ಹೋದರೂ ಅದನ್ನು ಹಿಡಿದು ಎಳೆಯಲು ಮೇಲೆ ಮೋಡವಿಲ್ಲ.

ಎರಡೂ ಒಂದೇ ದಿಕ್ಕಿಗೆ ಸುತ್ತುತ್ತವೆಯೇ?

ಸುಳಿಗಾಳಿಗೆ ದಿಕ್ಕಿನ ಹಂಗಿಲ್ಲ. ಎಡಕ್ಕೆ ಸುತ್ತುವವು, ಬಲಕ್ಕೆ ಸುತ್ತುವವು ಸರಿಸುಮಾರು ಸಮಸಮ. ಭೂಮಿ ತಿರುಗುವುದರ ಪ್ರಭಾವ ಕಾಣಲು ಅದು ತೀರ ಸಣ್ಣದು. ಭೂಮಿಯ ಉತ್ತರಾರ್ಧದಲ್ಲಿ ಟಾರ್ನೆಡೋಗಳು ಮಾತ್ರ ಹೆಚ್ಚಿನಂಶ ಗಡಿಯಾರದ ವಿರುದ್ಧ ದಿಕ್ಕಿಗೇ ಸುತ್ತುತ್ತವೆ. ಅವುಗಳಿಗೂ ಭೂಮಿಯ ತಿರುಗಾಟ ನೇರವಾಗಿ ತಾಗುವುದಿಲ್ಲ. ತಾಯಿಮೋಡ ಆ ದಿಕ್ಕಿಗೆ ಸುತ್ತುತ್ತಿರುತ್ತದೆ, ಅದನ್ನೇ ಇವು ಪಡೆದುಕೊಂಡಿರುತ್ತವೆ.

ನಮ್ಮ ಉತ್ತರ ಕನ್ನಡಕ್ಕೆ ಸೂಪರ್‌ಸೆಲ್ ಟಾರ್ನೆಡೋ ಬರಬಹುದೇ?

ಬರುವುದೇ ಇಲ್ಲ ಎಂದು ಬರೆದುಕೊಡಲಾರೆ. ಆದರೆ ಬೇಕಾದ ಸಾಮಗ್ರಿ ನಮ್ಮಲ್ಲಿ ಒಂದೇ ದಿನ ಒಟ್ಟಿಗೆ ಸೇರುವುದು ಬಹಳ ಕಷ್ಟ.

ಏಪ್ರಿಲ್–ಮೇ ತಿಂಗಳಲ್ಲಿ ಸೆಖೆ ಇದೆ, ಕಡಲಿನ ತೇವ ಇದೆ, ಮೋಡ ಹದಿನೈದು ಕಿಲೋಮೀಟರ್ ಬೆಳೆಯುವಷ್ಟು ಕಸುವಿದೆ. ಇಲ್ಲದ್ದು ಮೇಲಿನ ಜೋರು ಗಾಳಿ. ಚಳಿಗಾಲದ ಬಲವಾದ ಪಡುಗಾಳಿಯ ಪ್ರವಾಹ ನಮ್ಮಿಂದ ಬಹಳ ಉತ್ತರಕ್ಕಿರುತ್ತದೆ. ಹಾಗಾಗಿ ನಮ್ಮ ಮೋಡ ನೆಟ್ಟಗೆ ಬೆಳೆದು ತನ್ನ ಮೇಲೆ ತಾನೇ ಮಳೆ ಸುರಿದುಕೊಂಡು ಮುಗಿಯುತ್ತದೆ. ಬತ್ತಿಗೆ ಹತ್ತಿ ಇದೆ, ಹೊಸೆಯುವ ಅಂಗೈ ಇಲ್ಲ.

ಮಳೆಗಾಲದಲ್ಲಿ ಇದು ತಿರುಗುಮುರುಗಾಗುತ್ತದೆ. ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅರಬ್ಬಿ ಸಮುದ್ರದಿಂದ ಬಲವಾದ ಪಡುಗಾಳಿ, ಹದಿನಾಲ್ಕು–ಹದಿನೈದು ಕಿಲೋಮೀಟರ್ ಮೇಲೆ ಅಷ್ಟೇ ಬಲವಾದ ಮೂಡುಗಾಳಿ. ಗಾಳಿಯ ವ್ಯತ್ಯಾಸ ಬೇಕಾದಷ್ಟಿದೆ. ಆದರೆ ಆಗ ಬಿಸಿಲಿಲ್ಲ, ಕೆಳಗಿನಿಂದ ಮೇಲಿನ ತನಕ ಗಾಳಿ ಒಂದೇ ಹದದಲ್ಲಿ ಒದ್ದೆ. ಏರುಗಾಳಿ ಸೆಕೆಂಡಿಗೆ ಕೆಲವೇ ಮೀಟರ್. ಜುಲೈ ತಿಂಗಳಿಡೀ ಮಳೆ ಸುರಿದರೂ ಗುಡುಗು ಅಪರೂಪವಾಗುವುದನ್ನು ನೀವೇ ಗಮನಿಸಿರುತ್ತೀರಿ. ಕಸುವಿಲ್ಲದ ಮೋಡ ಅದು.

ನಮ್ಮ ಉಪಖಂಡದಲ್ಲಿ ಎರಡೂ ಕೂಡುವ ಜಾಗ ಬಂಗಾಳ. ಮಾರ್ಚ್‌ನಿಂದ ಮೇವರೆಗೆ ಕೆಳಗೆ ಬಂಗಾಳ ಕೊಲ್ಲಿಯ ತೇವದ ತೆಂಕಣಗಾಳಿ, ಅದರ ಮೇಲೆ ಒಣ ಬಿಸಿಗಾಳಿ, ಇನ್ನೂ ಮೇಲೆ ಹಿಮಾಲಯದ ಪಕ್ಕ ಹರಿಯುವ ಬಲವಾದ ಪಡುಗಾಳಿ. ಅಲ್ಲಿನ ಕಾಲಬೈಶಾಖಿ ಬಿರುಗಾಳಿಗಳಲ್ಲಿ ಕೆಲವು ಸೂಪರ್‌ಸೆಲ್ ಆಗುತ್ತವೆ. ಬಾಂಗ್ಲಾದೇಶದ ಮಾಣಿಕ್‌ಗಂಜ್ ಜಿಲ್ಲೆಯಲ್ಲಿ 1989ರ ಏಪ್ರಿಲ್ 26ರಂದು ಎದ್ದ ಟಾರ್ನೆಡೋಗೆ ಸುಮಾರು 1300 ಜನ ಬಲಿಯಾದರು. ಜಗತ್ತಿನಲ್ಲಿ ದಾಖಲಾದವುಗಳಲ್ಲೇ ಅತಿ ಹೆಚ್ಚು ಜನರನ್ನು ಕೊಂದ ಟಾರ್ನೆಡೋ ಅದು. ದೆಹಲಿಯಲ್ಲೂ 1978ರ ಮಾರ್ಚ್ 17ರಂದು ಒಂದು ಹಾದುಹೋಗಿ ಇಪ್ಪತ್ತೆಂಟು ಜನ ಸತ್ತಿದ್ದರು.

ನಾವು ಕಿವಿ ನೆಟ್ಟಗಿಡಬೇಕಾದ ಸಂದರ್ಭ ಒಂದಿದೆ. ಅರಬ್ಬಿ ಸಮುದ್ರದ ಚಂಡಮಾರುತ ಕರಾವಳಿಯ ಪಕ್ಕ ಹಾದುಹೋಗುವ ದಿನಗಳು; 2021ರ ಮೇ 15–16ರಂದು ತೌಕ್ತೆ ಹೋದಂತೆ. ಚಂಡಮಾರುತ ನೂರಾರು ಕಿಲೋಮೀಟರ್ ಅಗಲದ, ದಿನಗಟ್ಟಲೆ ಬಾಳುವ ಬೇರೆಯೇ ವ್ಯವಸ್ಥೆ. ಆದರೆ ಅದರ ಹೊರಗಿನ ಮಳೆಪಟ್ಟಿಗಳಲ್ಲಿ ಕೆಳಗಿನ ಗಾಳಿ ವಿಪರೀತ ಜೋರಿದ್ದು, ಗಿಡ್ಡ ಸೂಪರ್‌ಸೆಲ್‌ಗಳು ಹುಟ್ಟಿ ಟಾರ್ನೆಡೋ ಬಿಡುವುದು ಅಮೆರಿಕ, ಜಪಾನ್‌ಗಳಲ್ಲಿ ಗೊತ್ತಿರುವ ಸಂಗತಿ.

ಕಾರವಾರದ ಕಡಲಿನಲ್ಲಿ ಮೋಡದಿಂದ ನೀರಿಗೆ ಇಳಿದ ಕಂಬ ಕಂಡರೆ ಅದೇನು?

ಕಡಲಿನ ಮೇಲಿನ ಸುಳಿ. ಇದು ಸುಳಿಗಾಳಿಗೂ ಟಾರ್ನೆಡೋಗೂ ನಡುವಿನದು ಎನ್ನಬಹುದು. ಮೇಲೆ ಬೆಳೆಯುತ್ತಿರುವ ಮೋಡ ಬೇಕು, ಆದರೆ ಆ ಮೋಡ ತಿರುಗುತ್ತಿರಬೇಕಿಲ್ಲ. ಭೂಮಿಯ ಕಡೆಯ ಗಾಳಿಯೂ ಕಡಲಗಾಳಿಯೂ ಎದುರುಬದುರಾಗುವ ಗೆರೆಯಲ್ಲಿ ನೀರಿನ ಮೇಲೆ ಮೊದಲೇ ಸಣ್ಣ ಸಣ್ಣ ಸುಳಿಗಳಿರುತ್ತವೆ. ಮೇಲೆ ಮೋಡ ಬೆಳೆಯುತ್ತಾ ಹೋದಾಗ ಅದರಲ್ಲೊಂದನ್ನು ಎಳೆದು ನೀಳವಾಗಿಸುತ್ತದೆ. ಕಂಬದೊಳಗೆ ಇರುವುದು ಸಮುದ್ರದಿಂದ ಹೀರಿದ ನೀರಲ್ಲ, ಹನಿಗಟ್ಟಿದ ಮೋಡ. ಬುಡದಲ್ಲಿ ಚಿಮ್ಮುವ ತುಂತುರು ಮಾತ್ರ ಕಡಲಿನದು. ಹೆಚ್ಚಿನವು ಹತ್ತು ಇಪ್ಪತ್ತು ನಿಮಿಷದಲ್ಲಿ ಹಗ್ಗದಂತೆ ಸೊರಗಿ ಮಾಯವಾಗುತ್ತವೆ. ಆದರೂ ಸಣ್ಣ ದೋಣಿ ಮಗುಚಲು ಅಷ್ಟು ಸಾಕು. ಅದು ಹೋಗುವ ದಾರಿಗೆ ಅಡ್ಡಲಾಗಿ, ಪಕ್ಕಕ್ಕೆ ದೂರ ಸರಿಯಬೇಕು. ಅದರ ಮುಂದೆ ಮುಂದೆ ಓಡಬಾರದು.

ತೋಟದ ಮರ ಬಿದ್ದ ರೀತಿ ನೋಡಿ ಯಾವ ಗಾಳಿ ಎಂದು ಹೇಳಬಹುದೇ?

ಹೇಳಬಹುದು, ಬಿದ್ದ ಮರ ಕಡಿದು ಸಾಗಿಸುವ ಮೊದಲು ನೋಡಿದರೆ.

ನಮ್ಮ ಭಾವನವರ ತೋಟದಲ್ಲಿ ಒಂದು ವರ್ಷ ಮೇ ಮೊದಲ ವಾರದ ಗಾಳಿಗೆ ನೂರಕ್ಕೂ ಹೆಚ್ಚು ಅಡಿಕೆ ಮರ ಉರುಳಿದವು. ಊರೆಲ್ಲಾ ಸುಂಟರಗಾಳಿ ಎಂದೇ ಮಾತಾಡಿದರು. ಮರುದಿನ ಬೆಳಿಗ್ಗೆ ಭಾವ ಮತ್ತು ನಾನು ಒಂದು ಕಾಗದದ ಮೇಲೆ ತೋಟದ ನಕ್ಷೆ ಬರೆದುಕೊಂಡು, ಪ್ರತಿ ಬಿದ್ದ ಮರದ ತುದಿ ಯಾವ ಕಡೆಗಿದೆ ಎಂದು ಬಾಣದ ಗುರುತು ಹಾಕುತ್ತಾ ಹೋದೆವು. “ಒಂದೂ ಅಡ್ಡಡ್ಡ ಬಿದ್ದದ್ದಿಲ್ಲ, ಎಲ್ಲ ಮೂಡುಬದಿಗೇ ಹೋಗಿವೆಯಲ್ಲ ಮಾರಾಯ” ಎಂದರು ಭಾವ. ಹೊಳೆಬದಿಯವು ಸ್ವಲ್ಪ ಈಶಾನ್ಯಕ್ಕೆ, ಮನೆಬದಿಯವು ಸ್ವಲ್ಪ ಆಗ್ನೇಯಕ್ಕೆ. ಬಾಣಗಳೆಲ್ಲ ಒಂದು ಜಾಗದಿಂದ ಬೀಸಣಿಗೆಯಂತೆ ಹರಡಿಕೊಂಡಿದ್ದವು.

ಅದು ಟಾರ್ನೆಡೋ ಅಲ್ಲ, ಮೋಡದ ಇಳಿಗಾಳಿ. ಮಳೆಯ ಜೊತೆ ಧೊಪ್ಪನೆ ಬಿದ್ದ ತಣ್ಣನೆಯ ಗಾಳಿ ನೆಲಕ್ಕೆ ಅಪ್ಪಳಿಸಿ, ಕೊಡದ ನೀರು ಅಂಗಳಕ್ಕೆ ಚೆಲ್ಲಿದಂತೆ ಸುತ್ತ ಹರಡಿತ್ತು. ಟಾರ್ನೆಡೋ ಹೋಗಿದ್ದರೆ ಬಿದ್ದ ಮರಗಳ ಪಟ್ಟಿ ಉದ್ದವಾಗಿ, ಕಿರಿದಾಗಿ ಇರುತ್ತಿತ್ತು. ಪಟ್ಟಿಯ ಎರಡೂ ಅಂಚಿನ ಮರಗಳು ನಡುಗೆರೆಯ ಕಡೆಗೆ ಒಳಮುಖವಾಗಿ ಬಿದ್ದಿರುತ್ತಿದ್ದವು. ಅಲ್ಲಲ್ಲಿ ಒಂದರ ಮೇಲೊಂದು ಅಡ್ಡಬಿದ್ದಿರುತ್ತಿತ್ತು. ಮರವೊಂದು ತಿರುಚಿ ಮುರಿದಿದೆ ಎನ್ನುವುದೊಂದೇ ಸಾಕ್ಷಿಯಾಗದು. ಒಂದು ಬದಿಗೆ ಹೆಡೆ ಭಾರವಿರುವ ಮರ ನೇರ ಗಾಳಿಗೂ ತಿರುಚಿಕೊಳ್ಳುತ್ತದೆ. ನಮ್ಮ ತೋಟಗಳು ಕಣಿವೆಯಲ್ಲಿರುವುದರಿಂದ ಗುಡ್ಡವೂ ಗಾಳಿಯನ್ನು ಬಗ್ಗಿಸುತ್ತದೆ. ಹಾಗಾಗಿ ಒಂದೇ ತೋಟ ನೋಡಿ ತೀರ್ಮಾನಿಸದೆ ಪಕ್ಕದ ಎರಡು ತೋಟದ ಬಾಣಗಳನ್ನೂ ಸೇರಿಸಿ ನೋಡಬೇಕು.

ರಾಡಾರ್ ಇದೆಯಲ್ಲ, ಅದರಲ್ಲೇ ಗೊತ್ತಾಗುವುದಿಲ್ಲವೇ?

ಮೋಡದೊಳಗಿನ ತಿರುವನ್ನು ಡಾಪ್ಲರ್ ರಾಡಾರ್ ನೋಡಬಲ್ಲದು. ಒಂದು ಬದಿಯ ಹನಿಗಳು ರಾಡಾರ್ ಕಡೆಗೆ, ಪಕ್ಕದವು ರಾಡಾರ್‌ನಿಂದ ಆಚೆಗೆ ಓಡುತ್ತಿದ್ದರೆ ಅಲ್ಲಿ ತಿರುವಿದೆ ಎಂದರ್ಥ. ಒಕ್ಲಹೋಮಾದ ಯೂನಿಯನ್ ಸಿಟಿಯಲ್ಲಿ 1973ರ ಮೇ 24ರ ಟಾರ್ನೆಡೋದ ದಾಖಲೆಯಲ್ಲಿ ಟಾರ್ನೆಡೋದ್ದೇ ಆದ ಇಂಥ ಗುರುತನ್ನು ಮೊದಲ ಸಲ ಕಂಡರು. ಬಿಸಿಲಿನ ಸುಳಿಗಾಳಿಯಾದರೋ ಇಂಥ ದೂರದ ರಾಡಾರ್‌ಗೆ ಬೀಳುವುದೇ ಇಲ್ಲ. ಅಷ್ಟು ಸಣ್ಣದು, ಅಷ್ಟು ಗಿಡ್ಡ.

ನಮಗೆ ಹತ್ತಿರದ್ದು ಪಣಜಿಯ ರಾಡಾರ್. ಕಿರಣವನ್ನು ನೆಲದಿಂದ ಅರ್ಧ ಡಿಗ್ರಿ ಎತ್ತಿ ಬಿಟ್ಟರೂ, ದೂರ ಹೋದಂತೆ ಭೂಮಿ ಕೆಳಗೆ ಬಾಗುವುದರಿಂದ ಕಿರಣ ಮೇಲೆ ಮೇಲೆ ಹೋಗುತ್ತದೆ. ಎಂಬತ್ತು ಕಿಲೋಮೀಟರ್ ದಾಟಿ ಕಾರವಾರಕ್ಕೆ ಬರುವಾಗ ಅದು ನೆಲದಿಂದ ಸುಮಾರು ಒಂದು ಕಿಲೋಮೀಟರ್ ಮೇಲಿರುತ್ತದೆ. ನೂರ ನಲವತ್ತು ಕಿಲೋಮೀಟರಿಗೂ ಆಚೆಯ ಶಿರಸಿಗೆ ಬರುವಾಗ ಸಮುದ್ರಮಟ್ಟದಿಂದ ಸುಮಾರು ಎರಡೂವರೆ ಕಿಲೋಮೀಟರ್. ನೆಲ ಮುಟ್ಟುವ ತಿರುವು ಹುಟ್ಟುವುದು ಮೊದಲ ಕೆಲವು ನೂರು ಮೀಟರಿನಲ್ಲಿ. ಮೋಡ ತಿರುಗುತ್ತಿದೆ ಎಂದು ರಾಡಾರ್ ಹೇಳಬಲ್ಲದು. ಅದರ ಬುಡದಲ್ಲಿ ಏನಾಯಿತು ಎಂಬುದು ಮರುದಿನ ತೋಟಕ್ಕಿಳಿದು ಬಾಣದ ಗುರುತು ಹಾಕಿದ ಮೇಲೆಯೇ ತಿಳಿಯುವುದು.